ಗೇಟ್ ತೆರೆದರೆ ಪವರ್ ಮೊದಲು ಇಳಿಯೋದು ಯಾಕೆ?

ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಪೋಲ್ ಬಲಗಡೆ ಹೋದರೆ ಸಿಸ್ಟಮ್ ಅನ್‌ಸ್ಟೇಬಲ್ ಅಂತ ನಾವೆಲ್ಲ ಕಲಿತಿದ್ದೇವೆ. ಝೀರೋ ಬಲಗಡೆ ಹೋದರೆ? ಸಿಸ್ಟಮ್ ಸ್ಟೇಬಲ್ ಆಗಿಯೇ ಇರುತ್ತೆ, ಆದರೆ ಅದರ ನಡತೆ ವಿಚಿತ್ರ. ಮೇಲೆ ಹೋಗು ಅಂದರೆ ಮೊದಲು ಕೆಳಗೆ ಇಳಿದು, ಆಮೇಲೆ ಮೇಲೆ ಬರುತ್ತೆ. ಇದಕ್ಕೆ ನಾನ್-ಮಿನಿಮಮ್ ಫೇಸ್ ಝೀರೋ ಎಂದು ಹೆಸರು. ಇದನ್ನು ನೋಡಲು ವಿಮಾನ, ರಾಕೆಟ್ ಬೇಕಾಗಿಲ್ಲ. ಎತ್ತರದಿಂದ ಪೈಪಿನಲ್ಲಿ ನೀರು ಇಳಿಸಿ ಕರೆಂಟ್ ಮಾಡುವ ಯಾವ ಜಾಗದಲ್ಲಾದರೂ ಇದು ಸಿಗುತ್ತೆ.

ಉತ್ತರ ಕನ್ನಡದ ಭೈರುಂಬೆ, ಸಿದ್ದಾಪುರ, ಯಲ್ಲಾಪುರ ಕಡೆಯವರಿಗೆ ಗುಡ್ಡದ ನೀರನ್ನು ಪೈಪಿನಲ್ಲಿ ತೋಟಕ್ಕೆ ಇಳಿಸುವುದು ಗೊತ್ತಿರುವ ವಿಷಯ. ಹರಿಯುತ್ತಿರುವಾಗ ವಾಲ್ವ್ ತಟ್ಟನೆ ಮುಚ್ಚಿದರೆ ಪೈಪು ‘ಢಬ್’ ಅನ್ನುತ್ತೆ. ಉದ್ದದ ಪೈಪಿನೊಳಗಿನ ನೀರು ಟನ್‌ಗಟ್ಟಲೆ ತೂಗುತ್ತೆ. ಅದು ಒಮ್ಮೆಲೇ ನಿಲ್ಲಲಾರದು, ಒಮ್ಮೆಲೇ ಓಡಲೂ ಆರದು. ನಮ್ಮ ಝೀರೋ ಹುಟ್ಟುವುದು ಇಲ್ಲೇ.

ಝೀರೋ ಎಲ್ಲಿಂದ ಬಂತು?

ಪೈಪಿನ ಕೆಳತುದಿಯಲ್ಲಿ ಟರ್ಬೈನ್ ಇದೆ, ಅದರ ಬಾಯಲ್ಲಿ ಗೇಟ್ ಇದೆ ಅಂದುಕೊಳ್ಳಿ. ಗೇಟನ್ನು 10% ಹೆಚ್ಚು ತೆರೆದೆವು. ಬಾಯಿ ದೊಡ್ಡದಾಯಿತು, ಆದರೆ ನೀರಿನ ಹರಿವು ಆ ಕ್ಷಣಕ್ಕೆ ಹಿಂದೆ ಎಷ್ಟಿತ್ತೋ ಅಷ್ಟೇ. ಅಷ್ಟೇ ನೀರು ದೊಡ್ಡ ಬಾಯಿಂದ ಹೊರಬರಬೇಕಾದರೆ ಅದರ ವೇಗ ಕಡಿಮೆಯಾಗಬೇಕು, ಅಂದರೆ ಟರ್ಬೈನ್ ಮುಂದಿನ ಒತ್ತಡ ಕುಸಿಯಬೇಕು. ಪವರ್ ಅಂದರೆ ಹರಿವು ಗುಣಿಸು ಒತ್ತಡ. ಹರಿವು ಹಾಗೇ ಇದೆ, ಒತ್ತಡ ಬಿತ್ತು, ಹಾಗಾಗಿ ಪವರ್ ಇಳಿಯಿತು. ಕೆಳಗೆ ಒತ್ತಡ ಕಡಿಮೆಯಾದ್ದರಿಂದ ಮೇಲಿನ ನೀರು ನಿಧಾನಕ್ಕೆ ವೇಗ ಪಡೆಯುತ್ತೆ, ಹರಿವು ಏರುತ್ತೆ, ಆಮೇಲೆ ಪವರ್ ನಾವು ಕೇಳಿದ ಮಟ್ಟಕ್ಕೆ ಬರುತ್ತೆ.

ಇದನ್ನೇ ಸಣ್ಣ ಬದಲಾವಣೆಗಳಿಗೆ ಬರೆದರೆ ಮೂರೇ ಸಾಲು. ಇಲ್ಲಿ g ಗೇಟ್, q ಹರಿವು, h ಒತ್ತಡ, p ಪವರ್. ಎಲ್ಲವೂ ಶೇಕಡಾ ಬದಲಾವಣೆಗಳು.

```
q = g + h/2
Tw · dq/dt = −h
p = q + h
```

ಮೊದಲ ಸಾಲು ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುವುದರಿಂದ ಬಂದದ್ದು. ಎರಡನೆಯದು ನೀರಿನ ಕಂಬಕ್ಕೆ ನ್ಯೂಟನ್ ನಿಯಮ. Tw ಅನ್ನು ನೀರಿನ ಸ್ಟಾರ್ಟಿಂಗ್ ಟೈಮ್ ಅನ್ನುತ್ತಾರೆ. ಪೈಪಿನ ಉದ್ದ L, ನೀರಿನ ವೇಗ v, ಎತ್ತರ H ಆದರೆ Tw = Lv/(gH). (ಈ ಸೂತ್ರದಲ್ಲಿ ಮಾತ್ರ g ಅಂದರೆ ಗುರುತ್ವ.) ಮೂರೂ ಸಾಲನ್ನು ಸೇರಿಸಿದರೆ:

```
P(s)/G(s) = (1 − Tw·s) / (1 + Tw·s/2)
```

ಝೀರೋ ಇರುವುದು s = +1/Tw ಬಳಿ, ಬಲಗಡೆ. ಪೋಲ್ ಎಡಗಡೆಯೇ ಇದೆ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾವು ಇಟ್ಟುಕೊಂಡವು: L = 1000 ಮೀಟರ್, v = 5 ಮೀ/ಸೆ, H = 340 ಮೀಟರ್. Tw ಸುಮಾರು 1.5 ಸೆಕೆಂಡ್ ಬರುತ್ತೆ. ಗೇಟಿಗೆ 10% ಸ್ಟೆಪ್ ಕೊಟ್ಟರೆ ಪವರ್ ಮೊದಲ ಕ್ಷಣ 20% ಕೆಳಗೆ ಬೀಳುತ್ತೆ, ಸುಮಾರು 0.8 ಸೆಕೆಂಡಿಗೆ ಮೊದಲಿದ್ದ ಮಟ್ಟಕ್ಕೆ ಬರುತ್ತೆ, ಕೊನೆಗೆ 10% ಮೇಲೆ ನಿಲ್ಲುತ್ತೆ. ನಿಜವಾದ ಗೇಟ್ ಒಂದೇ ಕ್ಷಣದಲ್ಲಿ ತೆರೆಯುವುದಿಲ್ಲ, ಹಾಗಾಗಿ ಅಲ್ಲಿ ಕುಸಿತ ಇದಕ್ಕಿಂತ ಕಡಿಮೆ. ಆದರೆ ದಿಕ್ಕು ಅದೇ.

ಗ್ರಾಫ್ ನೋಡಿ ಗುರುತಿಸುವುದು ಸುಲಭ. ಬರೀ ಡಿಲೇ ಇದ್ದರೆ ಔಟ್‌ಪುಟ್ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೊರಡುತ್ತೆ. ವೈರ್ ಉಲ್ಟಾ ಹಾಕಿದ್ದರೆ ಕೊನೆಯವರೆಗೂ ತಪ್ಪು ದಿಕ್ಕಿನಲ್ಲೇ ಇರುತ್ತೆ. ತಪ್ಪು ದಿಕ್ಕಿನಲ್ಲಿ ಹೊರಟು ಸರಿ ಜಾಗ ತಲುಪಿದರೆ ಅದು ಬಲಗಡೆಯ ಝೀರೋ.

ಒಳ್ಳೆ ಕಂಟ್ರೋಲರ್ ಹಾಕಿದರೆ ಸರಿಹೋಗಲ್ವಾ?

ಮೊದಲು ಹೊಳೆಯುವ ಉಪಾಯ ಕ್ಯಾನ್ಸಲ್ ಮಾಡುವುದು: ಕಂಟ್ರೋಲರ್‌ನಲ್ಲಿ ಅದೇ ಜಾಗಕ್ಕೆ ಒಂದು ಪೋಲ್ ಇಡುವುದು. ಆದರೆ ಆ ಪೋಲ್ ಬಲಗಡೆ ಇರಬೇಕಾಗುತ್ತೆ. ಪೇಪರ್ ಮೇಲೆ ಔಟ್‌ಪುಟ್ ಚೆಂದ ಕಾಣುತ್ತೆ, ಒಳಗೆ ಗೇಟಿನ ಸಿಗ್ನಲ್ e^(t/Tw) ಥರ ಬೆಳೆಯುತ್ತಾ ಹೋಗುತ್ತೆ. ಗೇಟ್ ಪೂರ್ತಿ ತೆರೆದ ಮೇಲೆ ಇನ್ನೆಲ್ಲಿಗೆ ಹೋಗೋದು?

ಕ್ಯಾನ್ಸಲ್ ಮಾಡಲಾಗದಿದ್ದರೆ ಆ ಝೀರೋ ಕ್ಲೋಸ್ಡ್ ಲೂಪಿನಲ್ಲೂ ಉಳಿಯುತ್ತೆ. ಝೀರೋದ ಜಾಗವನ್ನು z ಅನ್ನೋಣ. Y(z) = 0 ಅಂದರೆ ಲಾಪ್ಲಾಸ್ ವ್ಯಾಖ್ಯೆಯ ಪ್ರಕಾರ y(t)·e^(−zt) ನ ಒಟ್ಟು ವಿಸ್ತೀರ್ಣ ಸೊನ್ನೆ. ಕೊನೆಗೆ y ಪಾಸಿಟಿವ್ ಆಗಿ ನಿಲ್ಲುವುದಾದರೆ ಎಲ್ಲೋ ಒಂದು ಕಡೆ ನೆಗೆಟಿವ್ ಆಗಿ ಸಾಲ ತೀರಿಸಲೇಬೇಕು. ಬೇಗ ಗುರಿ ಮುಟ್ಟಬೇಕೆಂದರೆ ತೀರಿಸಲು ಸಿಗುವ ಸಮಯ ಕಡಿಮೆ, ಹಾಗಾಗಿ ಗುಂಡಿ ಆಳ. ts ಸಮಯದೊಳಗೆ 2% ಒಳಗೆ ಸೆಟ್ಲ್ ಆಗಬೇಕಾದರೆ ಅಂಡರ್‌ಶೂಟ್ ಕನಿಷ್ಠ ಇಷ್ಟು:

```
0.98 / (e^(z·ts) − 1)
```

ನಮ್ಮ ಉದಾಹರಣೆಯಲ್ಲಿ z = 0.67. 10 ಮೆಗಾವ್ಯಾಟ್ ಹೆಚ್ಚಿಸಿ ಅಂತ ಕೇಳಿದೆವು ಅನ್ನಿ. 4.5 ಸೆಕೆಂಡಿನಲ್ಲಿ ಮುಗಿಸಿದರೆ ಕನಿಷ್ಠ 0.5 ಮೆಗಾವ್ಯಾಟ್ ಕೆಳಗೆ ಇಳಿಯಲೇಬೇಕು. 1.5 ಸೆಕೆಂಡಿನಲ್ಲಿ ಬೇಕೆಂದರೆ 5.7. 0.75 ಸೆಕೆಂಡ್ ಅಂದರೆ 15 ಮೆಗಾವ್ಯಾಟ್, ಅಂದರೆ ಕೇಳಿದ್ದಕ್ಕಿಂತ ಹೆಚ್ಚು ಉಲ್ಟಾ! ಇದು ಯಾವುದೋ ಒಂದು ಕಂಟ್ರೋಲರಿನ ದೋಷ ಅಲ್ಲ. ಲೀನಿಯರ್ ಲೂಪಿನಲ್ಲಿ ಯಾವ ಕಂಟ್ರೋಲರಿಗೂ ಇದೇ ಮಿತಿ.

ಬೋಡೆ ಪ್ಲಾಟಿನಲ್ಲೂ ಇದೇ ಕಥೆ. ಎಡಗಡೆಯ ಝೀರೋ ಫೇಸ್ ಕೊಡುತ್ತೆ, ಬಲಗಡೆಯದು ಫೇಸ್ ಕಸಿಯುತ್ತೆ, ಜೊತೆಗೆ ಗೇನ್ ಮಾತ್ರ ಏರಿಸುತ್ತೆ. ನಮ್ಮ ಟರ್ಬೈನ್ ω = z/2 ಬಳಿ ಸುಮಾರು 41 ಡಿಗ್ರಿ ತಿನ್ನುತ್ತೆ, ω = z ಬಳಿ ಸುಮಾರು 72. ಅದಕ್ಕೇ ಎಂಜಿನಿಯರ್‌ಗಳು ಕ್ರಾಸ್‌ಓವರನ್ನು z/2 ಒಳಗೆ ಇಡಿ ಅನ್ನುತ್ತಾರೆ. ಇಲ್ಲಿ ಅದು 0.33 ರೇಡಿಯನ್/ಸೆಕೆಂಡ್. ಇದಕ್ಕಿಂತ ಅವಸರ ಮಾಡಿದರೆ ಏನಾಗುತ್ತೆ? ಲೋಡ್ ಏರಿ ಫ್ರೀಕ್ವೆನ್ಸಿ ಬಿತ್ತು, ಗವರ್ನರ್ ಗೇಟ್ ತೆರೆಯಿತು, ಪವರ್ ಇನ್ನೂ ಇಳಿಯಿತು, ಫ್ರೀಕ್ವೆನ್ಸಿ ಇನ್ನೂ ಬಿತ್ತು, ಗವರ್ನರ್ ಮತ್ತೂ ತೆರೆಯಿತು. ಕೊನೆಗೆ ಲೂಪು ತೂಗಾಡಲು ಶುರು.

ಹಾಗಾದರೆ ದಾರಿ?

ಮೊದಲ ದಾರಿ ನಿಧಾನವಾಗುವುದು. ಜಲವಿದ್ಯುತ್ ಗವರ್ನರ್‌ಗಳಲ್ಲಿ ಟ್ರಾನ್ಸಿಯೆಂಟ್ ಡ್ರೂಪ್ ಇರುತ್ತೆ. ವೇಗದ ಬದಲಾವಣೆಗೆ ಗೇನ್ ಕಡಿಮೆ, ನಿಧಾನದ್ದಕ್ಕೆ ಪೂರ್ತಿ. ಅದರ ಟೈಮ್ ಕಾನ್‌ಸ್ಟೆಂಟ್ ಸಾಮಾನ್ಯವಾಗಿ Tw ನ ಸುಮಾರು 5 ಪಟ್ಟು. ನಮ್ಮ ಉದಾಹರಣೆಗೆ 7 ಸೆಕೆಂಡಿನ ಆಸುಪಾಸು.

ಎರಡನೆಯದು ಝೀರೋವನ್ನೇ ದೂರ ಸರಿಸುವುದು. ಅದು ಸಿವಿಲ್‌ನವರ ಕೆಲಸ: ಪೈಪು ದಪ್ಪ ಮಾಡಿ v ಇಳಿಸಬೇಕು, ಅಥವಾ ಸರ್ಜ್ ಟ್ಯಾಂಕ್ ಕಟ್ಟಿ ಲೆಕ್ಕಕ್ಕೆ ಬರುವ L ಇಳಿಸಬೇಕು. ಝೀರೋದ ಜಾಗ ನಿರ್ಧಾರವಾಗುವುದು ಕಾಂಕ್ರೀಟು ಮತ್ತು ಉಕ್ಕಿನಲ್ಲಿ, ಕೋಡಿನಲ್ಲಿ ಅಲ್ಲ.

ಮೂರನೆಯದು ನಮಗೆ ಬಹಳ ಇಷ್ಟವಾದದ್ದು: ಆಕ್ಚುಯೇಟರನ್ನೇ ಬದಲಿಸುವುದು. ಸಿದ್ದಾಪುರ ದಾಟಿ ಜೋಗದ ಕೆಳಗೆ ಹೋದರೆ ಶರಾವತಿ ವಿದ್ಯುದಾಗಾರ ಇದೆ, ತಲಾ 103.5 ಮೆಗಾವ್ಯಾಟಿನ 10 ಪೆಲ್ಟನ್ ಯೂನಿಟ್‌ಗಳು. ಪೆಲ್ಟನ್ ಟರ್ಬೈನುಗಳಲ್ಲಿ ಸಾಮಾನ್ಯವಾಗಿ ಡಿಫ್ಲೆಕ್ಟರ್ ಇರುತ್ತೆ. ಲೋಡ್ ತಟ್ಟನೆ ಹೋದರೆ ಅದು ನೀರಿನ ಧಾರೆಯನ್ನು ಚಕ್ರದಿಂದ ಪಕ್ಕಕ್ಕೆ ತಿರುಗಿಸುತ್ತೆ. ಪೈಪಿನೊಳಗಿನ ನೀರಿಗೆ ಏನೂ ಗೊತ್ತಾಗೋದಿಲ್ಲ, ಹಾಗಾಗಿ ಆ ದಾರಿಯಲ್ಲಿ ಝೀರೋ ಇಲ್ಲ. ಆದರೆ ಇದು ಪವರ್ ಕಡಿಮೆ ಮಾಡಲು ಮಾತ್ರ.

ಮಲೆನಾಡಿನ ಮನೆಗಳ ಪೈಕೋ ಹೈಡ್ರೋ ಎರಡೂ ದಿಕ್ಕಿಗೆ ಉತ್ತರ ಕೊಡುತ್ತೆ. ಅಲ್ಲಿ ಲೋಡ್ ಕಂಟ್ರೋಲರ್ ಹಾಕಿದ್ದರೆ ಗೇಟ್ ಮುಟ್ಟುವ ಮಾತೇ ಇಲ್ಲ. 1000 ವ್ಯಾಟ್ ಹುಟ್ಟುತ್ತಿದೆ, ಮನೆಗೆ 400 ಸಾಕು ಅಂದರೆ ಉಳಿದ 600 ಒಂದು ಹೀಟರ್ ಕಾಯಿಲಿಗೆ. 500 ವ್ಯಾಟಿನ ಮಿಕ್ಸರ್ ಹಾಕಿದ ಕೂಡಲೇ ಕಾಯಿಲಿಗೆ 100 ಮಾತ್ರ. ನೀರು ಒಂದೇ ಸಮ ಹರಿಯುತ್ತಿರುತ್ತೆ, ನಿಯಂತ್ರಣವೆಲ್ಲ ಎಲೆಕ್ಟ್ರಾನಿಕ್ಸ್ ವೇಗದಲ್ಲಿ. ಇದಕ್ಕೆ ತೆರುವ ಬೆಲೆ ಸುಮ್ಮನೆ ಬಿಸಿಯಾಗಿ ಹೋಗುವ ಕರೆಂಟ್. ನೀರು ಹೇಗೂ ಹರಿದು ಹೋಗುವ ಹಳ್ಳದಲ್ಲಿ ಆ ಬೆಲೆ ಹೆಚ್ಚೇನಲ್ಲ. ಅಣೆಕಟ್ಟಿನಲ್ಲಿ ಕೂಡಿಟ್ಟ ನೀರಿಗೆ ಅದು ತೀರಾ ದುಬಾರಿ. ಅದಕ್ಕೇ ದೊಡ್ಡ ಸ್ಟೇಷನ್‌ಗಳು ಗೇಟನ್ನೇ ನಂಬಿ, z ಹೇಳಿದಷ್ಟೇ ವೇಗದಲ್ಲಿ ನಡೆಯುತ್ತವೆ.