'ಸೇರಿಸದೇ ಇರಬೇಡ' ಅಂದರೆ ಸೇರಿಸಬೇಕೋ, ಬಿಡಬೇಕೋ?



ನಮ್ಮ ಹಿರೇಕೆರೂರು ಕಡೆಯ ಒಂದು ಶಾಲೆಯಿಂದ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಗೆ, ಕೇದಾರೇಶ್ವರ ಗುಡಿ ನೋಡಲು ಪ್ರವಾಸ ಹೊರಟಿದೆ ಎಂದು ತಿಳಿಯೋಣ. ಹೋಗುವವರ ಯಾದಿ ಮಾಡುವ ಹುಡುಗನ ಕೈಗೆ ಒಂದು ಚೀಟಿ ಬಂತು. ಅದರಲ್ಲಿ ಮೂರು ಸಾಲು:

1. ಐದನೇ ತರಗತಿಯವರನ್ನು ಸೇರಿಸದೇ ಇರಬೇಡ.
2. ಪಾಲಕರ ಸಹಿ ನೋಡದೆ ಯಾರನ್ನೂ ಸೇರಿಸಬೇಡ.
3. ಜ್ವರ ಬಂದವರನ್ನು ಬಿಡದೇ ಇರಬೇಡ.

ಗಡಿಬಿಡಿಯಲ್ಲಿ ಓದಿದರೆ ಮೂರೂ ಸಾಲಿನ ಕೊನೆಗೆ 'ಬೇಡ' ಒಂದೇ ಕಣ್ಣಿಗೆ ಬೀಳುತ್ತದೆ. ಹುಡುಗ "ಐದನೇದವ್ರು ಬ್ಯಾಡಂತ" ಎಂದುಬಿಟ್ಟರೆ ಇಡೀ ತರಗತಿ ಮನೆಯಲ್ಲೇ ಉಳಿಯಿತು! ಅದಕ್ಕೇ ಒಂದೊಂದು ಸಾಲನ್ನೂ ಬಿಡಿಸಿ ನೋಡೋಣ.

ಒಂದನೇ ಸಾಲಿನಲ್ಲಿ ಎರಡು ನಿಷೇಧ ಇವೆ. 'ಸೇರಿಸದೇ' ಎಂಬುದು ಒಂದು. ಇದು ನಾವು ವ್ಯಾಕರಣದಲ್ಲಿ ಕಲಿತ ಕೃದಂತಾವ್ಯಯ. ಉಣ್ಣದೆ, ಓದದೆ ಇದ್ದ ಹಾಗೆ. 'ಇರಬೇಡ' ಎಂಬುದು ಇನ್ನೊಂದು. ಇಲ್ಲಿ 'ಇರು' ಎಂಬ ಕ್ರಿಯೆಗೆ ತನ್ನದೇ ಆದ ಕೆಲಸವಿಲ್ಲ. 'ಸೇರಿಸದೇ' ಎಂಬುದಕ್ಕೆ ಆಸರೆಯಾಗಿ ಮಾತ್ರ ನಿಂತಿದೆ. ಹೀಗಾಗಿ ಎರಡು ನಿಷೇಧವೂ 'ಸೇರಿಸು' ಎಂಬ ಒಂದೇ ಕ್ರಿಯೆಯ ಮೇಲೆ ಬಿದ್ದು ಒಂದನ್ನೊಂದು ಅಳಿಸುತ್ತವೆ. ಉಳಿಯುವ ಅರ್ಥ: ಸೇರಿಸಲೇಬೇಕು. ಬರೀ 'ಸೇರಿಸು' ಅನ್ನುವುದಕ್ಕಿಂತ ಇದು ಬಿಗಿ. ಎಲ್ಲಿ ಮರೆತಾನೋ ಎಂಬ ಅಂಜಿಕೆ ಇದ್ದಾಗ ಹಿರಿಯರು ಹೀಗೆ ಹೇಳುತ್ತಾರೆ.

ಎರಡನೇ ಸಾಲಿನಲ್ಲಿಯೂ 'ದೆ' ಇದೆ, 'ಬೇಡ' ಇದೆ. ಹಾಗಂತ ಎಣಿಸಿ ಅಳಿಸಿಬಿಟ್ಟರೆ ತಪ್ಪಾಗುತ್ತದೆ. ಇಲ್ಲಿ ನಿಜವಾದ ಕೆಲಸ ಎರಡು: ನೋಡುವುದು ಮತ್ತು ಸೇರಿಸುವುದು. ಒಂದು ನಿಷೇಧ 'ನೋಡು' ಮೇಲಿದೆ, ಇನ್ನೊಂದು 'ಸೇರಿಸು' ಮೇಲಿದೆ. ಬೇರೆ ಬೇರೆ ಕ್ರಿಯೆಯ ಮೇಲಿರುವುದರಿಂದ ಅವು ಅಳಿಯುವುದಿಲ್ಲ, ಒಂದು ಷರತ್ತು ಆಗುತ್ತವೆ. ಮೊದಲು ಸಹಿ ನೋಡು, ಆಮೇಲೆ ಸೇರಿಸು. ಇನ್ನೊಂದು ಮಾತು ನೆನಪಿಡಿ: ಸಹಿ ಇದ್ದವರನ್ನೆಲ್ಲ ಸೇರಿಸಲೇಬೇಕು ಎಂದು ಈ ಸಾಲು ಹೇಳುವುದಿಲ್ಲ.

ಮೂರನೇ ಸಾಲು ನೋಡಲು ಒಂದನೆಯದರಂತೆಯೇ ಇದೆ. ಆದರೆ 'ಬಿಡು' ಎಂಬ ಶಬ್ದದ ಹೊಟ್ಟೆಯಲ್ಲೇ 'ಸೇರಿಸದಿರು' ಎಂಬ ಅರ್ಥ ಅಡಗಿದೆ. 'ಬಿಡದೇ ಇರಬೇಡ' ಎಂದರೆ ಬಿಡಲೇಬೇಕು. ಜ್ವರ ಬಂದವರು ಮನೆಯಲ್ಲಿರಲಿ.

ಈಗ ನಾಲ್ಕು ಮಂದಿಯನ್ನು ಈ ಚೀಟಿಗೆ ಹಚ್ಚಿ ನೋಡೋಣ. ಮೊದಲನೆಯವಳು ಐದನೇ ತರಗತಿ, ಸಹಿ ಇದೆ, ಆರೋಗ್ಯವಾಗಿದ್ದಾಳೆ. ಅವಳ ಹೆಸರು ಬರೆಯಬೇಕು. ಎರಡನೆಯವನೂ ಐದನೇ ತರಗತಿ, ಆದರೆ ಸಹಿ ಇಲ್ಲ. ಅವನ ಹೆಸರು ಹೊಡೆದುಹಾಕುವುದಲ್ಲ, ಸಹಿ ತರಿಸಿ ಬರೆಯಬೇಕು. ಮೂರನೆಯವನದು ಎಲ್ಲ ಸರಿ, ಆದರೆ ಜ್ವರ. ಅವನನ್ನು ಬಿಡಬೇಕು. ನಾಲ್ಕನೆಯವಳು ಏಳನೇ ತರಗತಿ, ಸಹಿ ಇದೆ, ಜ್ವರ ಇಲ್ಲ. ಅವಳ ಬಗ್ಗೆ ಚೀಟಿ ಏನನ್ನೂ ಹೇಳಿಲ್ಲ! ಇಲ್ಲಿ ಊಹೆ ಮಾಡದೆ ಕೇಳಬೇಕು.

ಹೇಗೆ ಕೇಳಬೇಕು? "ಏಳನೇದವ್ರು ಬ್ಯಾಡೇನ್ರಿ ಸರ್?" ಎಂದು ಕೇಳಿದರೆ ಮತ್ತೆ ತೊಡಕು. ಸರ್ "ಹೂಂ" ಅಂದರೆ ಸಾಮಾನ್ಯವಾಗಿ 'ಹೂಂ, ಬ್ಯಾಡ' ಎಂದರ್ಥ. ಆದರೆ "ಇಲ್ಲ" ಅಂದರೆ? 'ಇಲ್ಲ, ಬೇಕು' ಎಂದೂ ಆಗಬಹುದು, 'ಇಲ್ಲ, ಬ್ಯಾಡ' ಎಂದೂ ಆಗಬಹುದು. ಅದರ ಬದಲು "ಏಳನೇದವ್ರನ್ನ ಸೇರಿಸಲ್ಯೋ, ಬಿಡಲ್ಯೋ?" ಎಂದು ಕೇಳಿ. ಇದಕ್ಕೆ ಬರೀ ಹೂಂ, ಇಲ್ಲ ಎಂದು ಉತ್ತರ ಕೊಡಲು ಬರುವುದಿಲ್ಲ. 'ಸೇರಿಸು' ಇಲ್ಲವೇ 'ಬಿಡು' ಎಂದೇ ಹೇಳಬೇಕಾಗುತ್ತದೆ. ಕೊನೆಗೆ ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ ಸೇರಿಸಿದವರ ಹೆಸರು, ಇನ್ನೊಂದು ಕಡೆ ಬಿಟ್ಟವರ ಹೆಸರು ಬರೆದು ಓದಿ ಹೇಳಿ. ಬಿಟ್ಟವರ ಹೆಸರು ಕಿವಿಗೆ ಬಿದ್ದಾಗಲೇ ತಪ್ಪು ಬೇಗ ಗೊತ್ತಾಗುವುದು.

ಒಂದು ಎಚ್ಚರಿಕೆ: "ಬ್ಯಾಡ ಬ್ಯಾಡ, ಸೇರಿಸಬ್ಯಾಡ" ಎಂಬಲ್ಲಿ ಮೂರು ಸಲ ಬ್ಯಾಡ ಬಂದರೂ ಅದು ಒಂದೇ ನಿಷೇಧ. ಒತ್ತಿ ಹೇಳಿದ್ದಾರೆ ಅಷ್ಟೇ. ಅಲ್ಲಿ ಎಣಿಸಲು ಹೋಗಬೇಡಿ.

ನೀವೇ ಬಿಡಿಸಿ: (ಅ) ಸಾರಿಗೆ ಉಪ್ಪು ಹಾಕದೇ ಇರಬೇಡ. (ಆ) ರುಚಿ ನೋಡದೆ ಉಪ್ಪು ಹಾಕಬೇಡ. (ಇ) ಹುಳುಕು ಬದನೆಕಾಯಿ ಬಿಡದೇ ಇರಬೇಡ.

ಉತ್ತರ: (ಅ) ಹಾಕಲೇಬೇಕು. (ಆ) ಮೊದಲು ರುಚಿ ನೋಡಬೇಕು, ಆಮೇಲೆ ಬೇಕಾದರೆ ಹಾಕಬೇಕು. (ಇ) ಹುಳುಕು ಕಾಯಿ ಬಿಡಲೇಬೇಕು.