ಬೆಳಗಿನ ಜಾವದ 4:20 ಮತ್ತು ಒಂದು ಇಮೇಲ್ ಪೆಟ್ಟಿಗೆ

ಸೈಬರ್ ದಾಳಿಯಾದ ಮೇಲೆ ಕರೆ ಬರುವುದು ನಮ್ಮ ತಂಡಕ್ಕೆ. ಈ ಕೆಲಸವನ್ನು ಇನ್ಸಿಡೆಂಟ್ ರೆಸ್ಪಾನ್ಸ್ ಎನ್ನುತ್ತಾರೆ. ಸಿನಿಮಾದಲ್ಲಿ ತೋರಿಸುವ ಹಾಗೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಓಡುವುದಿಲ್ಲ. ದಿನದ ಹೆಚ್ಚಿನ ಹೊತ್ತು ಲಾಗ್ ಓದುವುದು, ಫೋನಿನಲ್ಲಿ ಮಾತಾಡುವುದು, ಬರೆದಿಡುವುದು ಇಷ್ಟೇ. ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಒಂದು ವ್ಯಾಪಾರಿ ಸಂಸ್ಥೆಗೆ ಸರಕು ಕೊಡುವವರು ಫೋನ್ ಮಾಡಿ, ‘ನಮ್ಮ ಹಣ ಇನ್ನೂ ಬಂದಿಲ್ಲ’ ಎಂದರು. ‘ನೀವು ಹೇಳಿದ ಹೊಸ ಖಾತೆಗೇ ಹಾಕಿದೆವಲ್ಲ’ ಎಂದರು ಸಂಸ್ಥೆಯವರು. ಹೊಸ ಖಾತೆಯ ಮಾತನ್ನು ಅವರು ಆಡಿಯೇ ಇರಲಿಲ್ಲ. ಸಂಸ್ಥೆಯ ಅಕೌಂಟ್ಸ್ ವಿಭಾಗದ ಒಬ್ಬರ ಇಮೇಲ್ ಪೆಟ್ಟಿಗೆಯೊಳಗೆ ಕಳ್ಳ ಕುಳಿತಿದ್ದ. ಅಸಲಿ ಪತ್ರ ಬಂದ ಕೂಡಲೇ ಅದನ್ನು ಯಾರೂ ತೆರೆದು ನೋಡದ ಒಂದು ಫೋಲ್ಡರಿಗೆ ಸರಿಸುವ ನಿಯಮವೊಂದನ್ನು ಬರೆದಿಟ್ಟು, ಅದರ ಜಾಗದಲ್ಲಿ ತನ್ನ ಪತ್ರ ಕಳಿಸುತ್ತಿದ್ದ.

ನಾವು ತಲುಪುವ ಹೊತ್ತಿಗೆ ಅಲ್ಲಿನವರು ಗಾಬರಿಯಿಂದ ಪಾಸ್‌ವರ್ಡ್ ಬದಲಿಸಿ, ಆ ನಿಯಮವನ್ನು ಅಳಿಸಿಬಿಟ್ಟಿದ್ದರು. ಸಹಜವೇ, ಆದರೆ ಎರಡು ತೊಂದರೆಗಳಾದವು. ನಿಯಮದೊಂದಿಗೆ ಸಾಕ್ಷ್ಯವೂ ಹೋಯಿತು. ಇನ್ನೊಂದು ಹೆಚ್ಚು ಗಂಭೀರ: ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಈಗಾಗಲೇ ಒಳಗಿರುವವನು ಹೊರಗೆ ಬೀಳಬೇಕೆಂದಿಲ್ಲ. ಒಮ್ಮೆ ಲಾಗಿನ್ ಆದವರಿಗೆ ಸರ್ವರ್ ಒಂದು ಟೋಕನ್ ಕೊಟ್ಟಿರುತ್ತದೆ. ಮನೆಯ ಬೀಗ ಬದಲಿಸಿದರೂ ಒಳಕೋಣೆಯಲ್ಲಿ ಕುಳಿತವನು ಕುಳಿತೇ ಇರುತ್ತಾನಲ್ಲ, ಹಾಗೆ. ಆದ್ದರಿಂದ ನಮ್ಮ ಕ್ರಮ ಬೇರೆ. ಮೊದಲು ಲಾಗ್ ಮತ್ತು ನಿಯಮಗಳ ಪ್ರತಿ ತೆಗೆದಿಡುತ್ತೇವೆ. ಆಮೇಲೆ ಎಲ್ಲ ಸೆಷನ್‌ಗಳನ್ನು ರದ್ದು ಮಾಡಿ, ಪಾಸ್‌ವರ್ಡ್ ಬದಲಿಸುತ್ತೇವೆ. ಒಟಿಪಿಗಾಗಿ ಕಳ್ಳ ತನ್ನದೇ ಫೋನನ್ನು ಸೇರಿಸಿದ್ದಾನೆಯೇ ಎಂದು ನೋಡಿದ ಮೇಲೆಯೇ ನಿಯಮ ಅಳಿಸುವುದು. ಅದೇ ಹೊತ್ತಿಗೆ ಇನ್ನೊಬ್ಬರು ಬ್ಯಾಂಕಿಗೂ 1930 ಸಹಾಯವಾಣಿಗೂ ಕರೆ ಮಾಡುತ್ತಿರುತ್ತಾರೆ. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರುತ್ತಾ ಹೋಗುವುದರಿಂದ ಅಲ್ಲಿ ತಡಮಾಡುವಂತಿಲ್ಲ.

ಇನ್ನು ಲಾಗ್. ಅಪರಿಚಿತ ಲಾಗಿನ್ ನಡೆದ ಸಮಯ 04:20 ಎಂದಿತ್ತು. ‘ನಸುಕಿನ ನಾಲ್ಕು ಗಂಟೆಗೆ ಕಚೇರಿ ಕಂಪ್ಯೂಟರ್ ಮುಟ್ಟಿದವರು ಯಾರು?’ ಎಂದು ರಾತ್ರಿ ಕಾವಲುಗಾರನ ಮೇಲೆ ಸಂಶಯ ಹುಟ್ಟಿತ್ತು. ಪಾಪ, ಅವರನ್ನು ಒಂದು ಗಂಟೆ ಕೂರಿಸಿ ಪ್ರಶ್ನೆ ಕೇಳಿದ್ದರಂತೆ. ಆದರೆ ಆ ಲಾಗ್ ಇದ್ದದ್ದು ಯುಟಿಸಿಯಲ್ಲಿ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಬೆಳಿಗ್ಗೆ 9:50. ಅಕೌಂಟ್ಸ್‌ನವರ ಬ್ರೌಸರ್ ಇತಿಹಾಸ ತೆಗೆದರೆ, 9:48ಕ್ಕೆ ‘ನಿಮ್ಮ ಇಮೇಲ್ ಜಾಗ ತುಂಬಿದೆ’ ಎಂಬ ಪತ್ರದ ಕೊಂಡಿ ಒತ್ತಿ ನಕಲಿ ಲಾಗಿನ್ ಪುಟ ತೆರೆದಿದ್ದರು. ಎರಡು ನಿಮಿಷಗಳ ಅಂತರ. ಕಾವಲುಗಾರ ಆ ಹೊತ್ತಿಗೆ ಮನೆಯಲ್ಲಿ ನಿದ್ದೆಯಲ್ಲಿದ್ದರು. ಅಂದಿನಿಂದ ನಾನು ಯಾವ ವರದಿಯಲ್ಲೂ ಬರೀ ಸಮಯ ಬರೆಯುವುದಿಲ್ಲ, ಪಕ್ಕದಲ್ಲಿ ಯುಟಿಸಿಯೋ ಐಎಸ್‌ಟಿಯೋ ಎಂದು ಬರೆಯುತ್ತೇನೆ.

ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗಮನಿಸಿದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಪೂರ್ತಿ ಗೊತ್ತಾಗಲಿ ಎಂದು ಕಾಯುವಂತಿಲ್ಲ, ಗೊತ್ತಿರುವಷ್ಟನ್ನು ಮೊದಲು ಕಳಿಸುತ್ತೇವೆ.

ನಮ್ಮ ಕಾಗದಪತ್ರಗಳ ಮೇಲೆ ಟ್ರಾಫಿಕ್ ಲೈಟ್ ಪ್ರೋಟೋಕಾಲ್‌ನ ಗುರುತು ಇರುತ್ತದೆ. TLP:RED ಎಂದಿದ್ದರೆ ಅದು ಕೈಗೆ ಬಂದವರಲ್ಲೇ ನಿಲ್ಲಬೇಕು. TLP:AMBER ಎಂದಿದ್ದರೆ ಸಂಸ್ಥೆಯೊಳಗೆ ಮತ್ತು ಅದರ ಗ್ರಾಹಕರಲ್ಲಿ ತಿಳಿಯಲೇಬೇಕಾದವರಿಗಷ್ಟೇ. TLP:GREEN ನಮ್ಮ ವೃತ್ತಿಯ ಬಳಗದೊಳಗೆ ಹಂಚಬಹುದಾದದ್ದು. TLP:CLEAR ಮಾತ್ರ ಯಾರು ಬೇಕಾದರೂ ಓದಬಹುದು. ಈ ಲೇಖನ ಆ ಕೊನೆಯದು. ಕಳ್ಳ ಒಟಿಪಿಯನ್ನು ಹೇಗೆ ದಾಟಿದ, ಯಾವ ಫೋಲ್ಡರ್, ಎಷ್ಟು ಹಣ ಎಂದು ನಾನು ಬರೆದಿಲ್ಲ. ಸಂಸ್ಥೆಯ ಹೆಸರು ಬಿಟ್ಟರೆ ಸಾಲದು. ಊರು, ಸರಕು, ತಿಂಗಳು ಈ ಮೂರು ಹೇಳಿದರೆ ಆ ಕ್ಷೇತ್ರದ ಯಾರೂ ಹೆಸರನ್ನು ಊಹಿಸುತ್ತಾರೆ. ತಮ್ಮ ತಪ್ಪನ್ನು ನಂಬಿ ಹೇಳಿಕೊಂಡವರು ಮುಂದಿನ ಸಲ ನಮಗೆ ಫೋನ್ ಮಾಡಲು ಹಿಂಜರಿಯುತ್ತಾರೆ.

ಕಳೆದ ಸಲ ಕಾಲೇಜಿಗೆ ಬಂದಾಗ ಹಲವರು ಕೇಳಿದ್ದು ಪ್ರಮಾಣಪತ್ರಗಳ ಬಗ್ಗೆ. ಆರಂಭಕ್ಕೆ ಕಾಂಪ್‌ಟಿಯಾದ ಸೆಕ್ಯುರಿಟಿ ಪ್ಲಸ್ ಸರಿ. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆಗಳು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಘಟನೆ ನಿರ್ವಹಣೆಗೇ ಮೀಸಲಾದ ಜಿಸಿಐಎಚ್ ಪುಸ್ತಕ ತೆರೆದು ಬರೆಯುವ ಪರೀಕ್ಷೆ. ಆದರೂ ವಿಷಯ ಗೊತ್ತಿಲ್ಲದವರಿಗೆ ಪುಟ ಹುಡುಕುವುದರಲ್ಲೇ ಸಮಯ ಮುಗಿಯುತ್ತದೆ. ಶುಲ್ಕ ದುಬಾರಿ, ಕೆಲಸಕ್ಕೆ ಸೇರಿದ ಮೇಲೆ ಕಂಪನಿಯ ಖರ್ಚಿನಲ್ಲಿ ಬರೆಯುವುದು ಜಾಣತನ. ಸಿಐಎಸ್‌ಎಸ್‌ಪಿಗೆ ಸಾಮಾನ್ಯವಾಗಿ ಐದು ವರ್ಷದ ಅನುಭವ ಬೇಕು, ಪಿಯುಸಿಯಲ್ಲಿ ಅದರ ಪುಸ್ತಕ ಕೊಳ್ಳಬೇಡಿ. ನಾನು ಸಂದರ್ಶನ ಮಾಡುವಾಗ ಅಭ್ಯರ್ಥಿಯ ಮುಂದೆ ಹತ್ತು ಸಾಲಿನ ಒಂದು ಲಾಗ್ ಇಡುತ್ತೇನೆ. ಹೆಚ್ಚಿನವರು ಐಪಿ ವಿಳಾಸದಿಂದ ಶುರುಮಾಡುತ್ತಾರೆ. ‘ಸರ್, ಇದು ಯಾವ ಸಮಯವಲಯ?’ ಎಂದು ಕೇಳಿದವರು ಇದುವರೆಗೆ ಇಬ್ಬರೇ. ಇಬ್ಬರೂ ಈಗ ನಮ್ಮ ತಂಡದಲ್ಲಿದ್ದಾರೆ.