0.999… ಒಂದಕ್ಕೆ ಸಮವೇ? ಒಂದು ಪಾಠವೀಕ್ಷಣೆಯ ಟಿಪ್ಪಣಿ

ಒಂಬತ್ತನೆಯ ತರಗತಿಯ ಗಣಿತ ಪುಸ್ತಕದ ‘ಸಂಖ್ಯಾ ಪದ್ಧತಿ’ ಅಧ್ಯಾಯದಲ್ಲಿ 0.99999… ಅನ್ನು p/q ರೂಪದಲ್ಲಿ ಬರೆಯಲು ಹೇಳುವ ಒಂದು ಲೆಕ್ಕವಿದೆ. ಉತ್ತರ ನೋಡಿ ಆಶ್ಚರ್ಯವಾಯಿತೇ ಎಂದು ಪುಸ್ತಕವೇ ಕೇಳುತ್ತದೆ. ಆ ಉತ್ತರ ಏಕೆ ಸರಿ ಎಂಬುದನ್ನು ಶಿಕ್ಷಕರೊಡನೆಯೂ ಸಹಪಾಠಿಗಳೊಡನೆಯೂ ಚರ್ಚಿಸಿ ಎಂದೂ ಹೇಳುತ್ತದೆ. ಅಭ್ಯಾಸ ಬೋಧನೆಯ ಪಾಠಗಳನ್ನು ವೀಕ್ಷಿಸಲು ನಾನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಹೋಗುತ್ತಿರುತ್ತೇನೆ. ಹೆಚ್ಚಿನ ಕಡೆ ಲೆಕ್ಕ ಮುಗಿಯುತ್ತದೆ, ಚರ್ಚೆ ಮಾತ್ರ ನಡೆಯುವುದಿಲ್ಲ. ಚನ್ನಪಟ್ಟಣ ತಾಲ್ಲೂಕಿನ ಒಂದು ಶಾಲೆಯಲ್ಲಿ ಅದು ನಡೆಯಿತು. ಇಬ್ಬರು ಹುಡುಗಿಯರು ವಾದಕ್ಕೆ ಬಿದ್ದರು, ನಮ್ಮ ಪ್ರಶಿಕ್ಷಣಾರ್ಥಿ ಅವರನ್ನು ತಡೆಯಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದುಕೊಂಡದ್ದನ್ನು ಇಲ್ಲಿ ಕೊಡುತ್ತಿದ್ದೇನೆ. ಹುಡುಗಿಯರ ಹೆಸರುಗಳನ್ನು ಬದಲಿಸಿದ್ದೇನೆ.

ಹಲಗೆಯ ಮೇಲೆ ಎಂದಿನ ವಿಧಾನವಿತ್ತು. x = 0.999… ಎಂದಿರಲಿ. ಆಗ 10x = 9.999… . ಎರಡನೆಯದರಿಂದ ಮೊದಲನೆಯದನ್ನು ಕಳೆದರೆ 9x = 9, ಆದ್ದರಿಂದ x = 1. ನಂದಿನಿ ಸರಿ ಎಂದು ತಲೆಯಾಡಿಸಿದಳು. ಪಕ್ಕದಲ್ಲಿದ್ದ ಪವಿತ್ರ ಪೆನ್ನು ಕೆಳಗಿಟ್ಟಳು.

“ಅದು ಹೆಂಗೆ ಸಮ ಆಗುತ್ತೆ? ಒಂದಕ್ಕಿಂತ ಒಂಚೂರು ಕಮ್ಮಿ ಅಷ್ಟೆ.”

“ಒಂದನ್ನ ಮೂರರಿಂದ ಭಾಗಿಸಿದ್ರೆ 0.333… ಬರುತ್ತೆ ಅಂತ ನೀನೇ ಮಾಡಿದ್ಯಲ್ಲ ಕಣೇ. ಅದನ್ನ ಮೂರರಿಂದ ಗುಣಿಸು. ಈ ಕಡೆ ಒಂದು, ಆ ಕಡೆ 0.999… .”

“ಹಂಗಾದ್ರೆ 0.333… ಕೂಡ ಮೂರನೇ ಒಂದು ಭಾಗಕ್ಕಿಂತ ಒಂಚೂರು ಕಮ್ಮೀನೇ. ಭಾಗಿಸ್ತಾ ಹೋದ್ರೆ ಪ್ರತಿ ಸಲಾನೂ ಶೇಷ ಒಂದು ಉಳಿಯುತ್ತಲ್ಲ, ಅದನ್ನ ಯಾರು ತಗೊಂಡ್ರು?”

ಇದನ್ನು ಹಟ ಎಂದು ತಳ್ಳಿಹಾಕುವಂತಿಲ್ಲ. ಮೂರನೇ ಒಂದರ ವಾದ ಪವಿತ್ರಳ ಅನುಮಾನವನ್ನು ಬಗೆಹರಿಸದೆ ಒಂದು ಮೆಟ್ಟಿಲು ಹಿಂದಕ್ಕೆ ಸರಿಸಿತು. 0.999… ಎಂದರೇನು ಎಂಬ ಪ್ರಶ್ನೆ 0.333… ಎಂದರೇನು ಎಂಬ ಪ್ರಶ್ನೆಯಾಯಿತು, ಅಷ್ಟೇ.

10x ವಿಧಾನದಲ್ಲೂ ಇದೇ ತೊಡಕು ಬೇರೆ ರೂಪದಲ್ಲಿ ಅಡಗಿದೆ. ಪ್ರಶಿಕ್ಷಣಾರ್ಥಿಗಳು ತರಗತಿಗೆ ಹೋಗುವ ಮುನ್ನ ಒಮ್ಮೆ ಇದನ್ನು ಮಾಡಿ ನೋಡಬೇಕು. y = 9 + 90 + 900 + … ಎಂದಿರಲಿ. ಆಗ 10y = 90 + 900 + 9000 + … . ಮೊದಲನೆಯದರಿಂದ ಎರಡನೆಯದನ್ನು ಕಳೆದರೆ y − 10y = 9, ಅಂದರೆ y = −1. ಎಲ್ಲವೂ ಧನ ಸಂಖ್ಯೆಗಳು, ಮೊತ್ತ ಮಾತ್ರ ಋಣ! ಹಂತಗಳೆಲ್ಲ ಹಲಗೆಯ ಮೇಲಿದ್ದವೇ. ತಪ್ಪು ಕಳೆಯುವುದರಲ್ಲಿಲ್ಲ, ಮೊದಲ ಸಾಲಿನಲ್ಲಿದೆ: y ಎಂಬ ಒಂದು ಸಂಖ್ಯೆ ಇದೆ ಎಂದು ವಿಚಾರಿಸದೆ ಒಪ್ಪಿಕೊಂಡೆವು. x ವಿಷಯದಲ್ಲೂ ಹಾಗೆಯೇ ಒಪ್ಪಿಕೊಂಡಿದ್ದೆವು. ಅಲ್ಲಿ ಉತ್ತರ ಸರಿಯಾಗಿ ಬಂತು, ಆದರೆ ಏಕೆ ಸರಿ ಎಂಬುದು ಆ ನಾಲ್ಕು ಸಾಲುಗಳಲ್ಲಿ ಇಲ್ಲ.

ತರಗತಿಗೆ ಮರಳುತ್ತೇನೆ. ಪವಿತ್ರ ಈಗ ಉದಾಹರಣೆಗೆ ಇಳಿದಿದ್ದಳು.

“ಇಲ್ಲಿಂದ ರಾಮನಗರಕ್ಕೆ ಬಸ್ಸು ಹೊರಟಿದೆ ಅನ್ಕೊ. ಮೊದಲು ದಾರೀಲಿ ಹತ್ತರಲ್ಲಿ ಒಂಬತ್ತು ಭಾಗ ಹೋಗಿ ನಿಲ್ಲುತ್ತೆ. ಆಮೇಲೆ ಉಳಿದಿದ್ರಲ್ಲಿ ಹತ್ತರಲ್ಲಿ ಒಂಬತ್ತು ಭಾಗ. ಹಂಗೇ ನಿಂತು ನಿಂತು ಹೋಗ್ತಾ ಇದ್ರೆ ಯಾವತ್ತಾದ್ರೂ ರಾಮನಗರ ಸೇರುತ್ತಾ?”

“ಎಲ್ಲೆಲ್ಲಿ ನಿಲ್ಲುತ್ತೆ ಅಂತ ನಾನು ಕೇಳ್ತಿಲ್ಲ. ಬೋರ್ಡಲ್ಲಿ ಯಾವೂರು ಅಂತ ಬರ್ದಿದೆ, ಅದನ್ನ ಕೇಳ್ತಿದೀನಿ.”

“ಬೆಂಗಳೂರು ಅಂತ ಬರ್ದಿರುತ್ತೆ!”

ತರಗತಿಯೆಲ್ಲ ನಕ್ಕಿತು. ಆದರೆ ಈ ಎರಡು ಮಾತುಗಳಲ್ಲಿ ಪಾಠದ ತಿರುಳೇ ಇತ್ತು. 0.9, 0.99, 0.999 ಇವು ಬಸ್ಸಿನ ನಿಲುಗಡೆಗಳು. ಇವುಗಳಲ್ಲಿ ಒಂದೂ 1 ಅಲ್ಲ; ಪವಿತ್ರ ಹೇಳಿದ್ದು ಪೂರ್ತಿ ನಿಜ. ಚುಕ್ಕಿಗಳಿರುವ 0.999… ಮಾತ್ರ ನಿಲುಗಡೆಯಲ್ಲ, ಅದು ಬೋರ್ಡು. ಹಾಗಿದ್ದರೆ ಬೋರ್ಡಿನ ಮೇಲೆ 1 ಎಂದೇ ಏಕಿರಬೇಕು, 1.1 ಎಂದು ಏಕಿರಬಾರದು? ನಿಲುಗಡೆಗಳೆಲ್ಲ 1ಕ್ಕಿಂತ ಕಡಿಮೆ ಎಂಬುದು ಇದಕ್ಕೆ ಉತ್ತರವಾಗದು. ಅವೆಲ್ಲ 1.1ಕ್ಕಿಂತಲೂ ಕಡಿಮೆಯೇ ತಾನೆ.

ಇಲ್ಲಿ ಪ್ರಶಿಕ್ಷಣಾರ್ಥಿ ಮಾಡಿದ ಕೆಲಸವನ್ನು ನಾನು ಬಹಳ ಮೆಚ್ಚಿದೆ. ಆಕೆ ಪವಿತ್ರಳ ಕೈಗೇ ಸೀಮೆಸುಣ್ಣ ಕೊಟ್ಟು, “ಒಂಚೂರು ಉಳಿಯುತ್ತೆ ಅಂದ್ಯಲ್ಲ, ಆ ಒಂಚೂರು ಎಷ್ಟು? ಪ್ರತಿ ಸಾಲಲ್ಲೂ ಬರೆ” ಎಂದರು. ಪವಿತ್ರ ಬರೆದಳು:

1 = 9/10 + 1/10
1 = 9/10 + 9/100 + 1/100
1 = 9/10 + 9/100 + 9/1000 + 1/1000

ಪ್ರತಿ ಸಾಲಿನ ಕೊನೆಯ ತುಂಡನ್ನು ಹತ್ತು ಭಾಗ ಮಾಡಿ, ಒಂಬತ್ತನ್ನು ಮೊತ್ತಕ್ಕೆ ಸೇರಿಸಿ, ಒಂದನ್ನು ಉಳಿಸಿಕೊಂಡಳು. ಇಲ್ಲಿ ಅನಂತವೆಂಬುದು ಎಲ್ಲೂ ಇಲ್ಲ. ಪ್ರತಿಯೊಂದು ಸಾಲೂ ಐದನೆಯ ತರಗತಿಯ ಭಿನ್ನರಾಶಿಯ ಲೆಕ್ಕ.

ಈ ಜಾಡು ಹಳೆಯದು. ಕೇರಳದ ನೀಲಕಂಠ ಸೋಮಯಾಜಿ ತಮ್ಮ ಆರ್ಯಭಟೀಯ ಭಾಷ್ಯದಲ್ಲಿ 1/4 + 1/16 + 1/64 + … ಎಂಬುದು 1/3 ಆಗುವುದನ್ನು ಹೀಗೆಯೇ ತೋರಿಸಿದ್ದಾರೆ. ಮೂರನೇ ಒಂದು ಎಂದರೆ ನಾಲ್ಕನೇ ಒಂದು ಮತ್ತು ಅದರ ಮೂರನೇ ಒಂದು. ಆ ಉಳಿಕೆಯನ್ನು ಮತ್ತೆ ಹಾಗೆಯೇ ಒಡೆಯಬೇಕು. ಉಳಿಕೆ ಸಾಲಿನಿಂದ ಸಾಲಿಗೆ ಕಿರಿದಾಗುತ್ತ ಹೋಗುತ್ತದೆ, ಆದರೆ ಅದನ್ನು ಯಾವ ಸಾಲಿನಲ್ಲೂ ಬಿಟ್ಟಿಲ್ಲ.

ಹಲಗೆಯ ಮೇಲಿದ್ದದ್ದು ಗುಣೋತ್ತರ ಶ್ರೇಢಿ: ಮೊದಲ ಪದ 9/10, ಸಾಮಾನ್ಯ ಅನುಪಾತ 1/10. ಹತ್ತನೆಯ ತರಗತಿಯಲ್ಲಿ ಸಮಾಂತರ ಶ್ರೇಢಿ ಮಾತ್ರ ಇರುವುದರಿಂದ ಈ ಹೆಸರು ಮಕ್ಕಳಿಗೆ ಪಿಯುಸಿಯಲ್ಲಿ ಪರಿಚಯವಾಗುತ್ತದೆ. ಹೆಸರಿಲ್ಲದೆಯೂ ಕೆಲಸ ನಡೆಯುತ್ತದೆ, ಆದರೆ ಕಲಿಸುವವರಿಗೆ ಸೂತ್ರ ಕೈಯಲ್ಲಿರಬೇಕು. n ಪದಗಳ ಮೊತ್ತವನ್ನು S ಎನ್ನೋಣ.

S = 9/10 + 9/10² + … + 9/10ⁿ
S/10 = 9/10² + … + 9/10ⁿ + 9/10ⁿ⁺¹

ಕಳೆದರೆ ನಡುವಿನದೆಲ್ಲ ಹೋಗಿ 9S/10 = 9/10 − 9/10ⁿ⁺¹, ಅಂದರೆ S = 1 − 1/10ⁿ. ಇದೂ 10x ವಿಧಾನದಂಥದೇ ಕಳೆಯುವಿಕೆ. ವ್ಯತ್ಯಾಸವೆಂದರೆ ಇಲ್ಲಿ ಸಾಲಿಗೆ ಕೊನೆಯಿದೆ, ಆ ಕೊನೆಯ ಪದವನ್ನು ನಾವು ಕೈಬಿಟ್ಟಿಲ್ಲ. ಕೊನೆಯಿರುವ ಇಂಥ ಮೊತ್ತದ ಸೂತ್ರವನ್ನು ಒಂಬತ್ತನೆಯ ಶತಮಾನದಲ್ಲೇ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾರೆ. ಮೊದಲ ಪದವನ್ನು ಅನುಪಾತದಿಂದ n ಸಲ ಗುಣಿಸಿದರೆ ಬರುವುದು ಗುಣಧನ. ಅದರಿಂದ ಮೊದಲ ಪದವನ್ನು ಕಳೆದು, ಒಂದು ಕಡಿಮೆ ಮಾಡಿದ ಅನುಪಾತದಿಂದ ಭಾಗಿಸಬೇಕು. ನಮ್ಮ ಲೆಕ್ಕದಲ್ಲಿ ಅನುಪಾತ ಒಂದಕ್ಕಿಂತ ಚಿಕ್ಕದಾದ್ದರಿಂದ ಮೇಲೂ ಕೆಳಗೂ ಋಣ ಬಂದು ಉತ್ತರ ಧನವೇ ಆಗುತ್ತದೆ.

ಪವಿತ್ರಳ ‘ಒಂಚೂರು’ ಈಗ ಸೂತ್ರದೊಳಗೇ ಕುಳಿತಿದೆ: 1/10ⁿ. ಹುಡುಗಿಯರ ವಾದವೂ ಅದರ ಮೇಲೆಯೇ ಮುಂದುವರಿಯಿತು.

“ನೋಡು, ಉಳಿದೇ ಉಳಿಯುತ್ತೆ.”

“ಸರಿ. 0.999… ಒಂದಕ್ಕಿಂತ ಎಷ್ಟು ಕಮ್ಮಿ, ನೀನೇ ಹೇಳು.”

“ಕೋಟೀಲಿ ಒಂದು.”

“ಎಂಟು ಒಂಬತ್ತು ಬರೀತೀನಿ. ಆಗ ಹತ್ತು ಕೋಟೀಲಿ ಒಂದೇ ಉಳಿಯೋದು. 0.999… ಅದಕ್ಕಿಂತ ಇನ್ನೂ ದೊಡ್ಡದು. ನೀ ಹೇಳಿದಷ್ಟು ಕಮ್ಮಿ ಇರೋಕೆ ಆಗಲ್ಲ.”

“ಕೋಟಿ ಕೋಟೀಲಿ ಒಂದು.”

“ಹದಿನೈದು ಒಂಬತ್ತು.”

ಪವಿತ್ರ ಸ್ವಲ್ಪ ಯೋಚಿಸಿ ಹಲಗೆಯ ಮೇಲೆ 0.000…1 ಎಂದು ಬರೆದಳು. “ಇಷ್ಟು. ಸೊನ್ನೆ ಮುಗಿಯೋದೇ ಇಲ್ಲ, ಆಮೇಲೆ ಒಂದು.”

“ಆ ಒಂದು ಎಷ್ಟನೇ ಸ್ಥಾನದಲ್ಲಿದೆ?”

“ಕೊನೇದ್ರಲ್ಲಿ.”

“ಸೊನ್ನೆ ಮುಗಿಯಲ್ಲ ಅಂದೆ. ಮುಗಿಯದೇ ಇರೋದಕ್ಕೆ ಕೊನೆ ಎಲ್ಲಿಂದ ಬಂತು?”

ದಶಮಾಂಶದಲ್ಲಿ ಪ್ರತಿ ಅಂಕಿಗೂ ಒಂದು ಸ್ಥಾನಸಂಖ್ಯೆ ಇದೆ: ಒಂದನೆಯದು, ಎರಡನೆಯದು, ನೂರನೆಯದು. ಆ 1 ನೂರನೆಯ ಸ್ಥಾನದಲ್ಲಿದ್ದರೆ ನೂರೊಂದು ಒಂಬತ್ತುಗಳು ಅದನ್ನು ಮೀರಿಸುತ್ತವೆ. ಸ್ಥಾನಸಂಖ್ಯೆಯೇ ಇಲ್ಲದಿದ್ದರೆ ಅದು ದಶಮಾಂಶವಾಗಿ ಬರೆದಂತೆಯೇ ಆಗಲಿಲ್ಲ. ಹೀಗೆ, ನಿಲುಗಡೆಗಳಿಗೂ 1ಕ್ಕೂ ನಡುವಿನ ಅಂತರ ಯಾವ ಧನ ಸಂಖ್ಯೆ ಕೊಟ್ಟರೂ ಅದಕ್ಕಿಂತ ಕೆಳಗೆ ಇಳಿಯುತ್ತದೆ. 1.1ರ ವಿಷಯ ಹಾಗಲ್ಲ. ಎಷ್ಟೇ ಒಂಬತ್ತುಗಳನ್ನು ಬರೆದರೂ ಅಂತರ 0.1ಕ್ಕಿಂತ ಕೆಳಗೆ ಬರುವುದೇ ಇಲ್ಲ. ಬೋರ್ಡಿನ ಮೇಲೆ ಬೆಂಗಳೂರು ಇರಲಾರದು, ರಾಮನಗರವೇ ಇರಬೇಕು ಎಂಬುದಕ್ಕೆ ಇದೇ ಆಧಾರ. ಮೊದಲು ನೋಡಿದ y ಗೂ ಇದೇ ಪರೀಕ್ಷೆ ಒಡ್ಡಿ. 9, 99, 999 ಎಂಬ ಮೊತ್ತಗಳು 10ⁿ − 1. ಅವುಗಳಿಗೂ −1ಕ್ಕೂ ಇರುವ ಅಂತರ 10ⁿ, ಅದು ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ y = −1 ಎಂಬುದನ್ನು ಮೊತ್ತವೆಂದು ಒಪ್ಪುವಂತಿಲ್ಲ. ಅನುಪಾತ 1/10 ಇದ್ದಾಗ ಉಳಿಕೆ ಸವೆಯುತ್ತದೆ, 10 ಇದ್ದಾಗ ಉಬ್ಬುತ್ತದೆ. ಪಿಯುಸಿಯಲ್ಲಿ a/(1 − r) ಬಳಸುವಾಗ r ನ ಪರಿಮಾಣ 1ಕ್ಕಿಂತ ಕಡಿಮೆ ಇರಬೇಕೆಂದು ಷರತ್ತು ಹಾಕುವುದು ಇದಕ್ಕಾಗಿಯೇ.

ಒಂದು ವಿಷಯವನ್ನು ಪ್ರಶಿಕ್ಷಣಾರ್ಥಿಗಳು ಮರೆಮಾಚಬಾರದು. ಕೊನೆಯಿಲ್ಲದ ದಶಮಾಂಶಕ್ಕೆ ಏನು ಅರ್ಥ ಎಂಬುದನ್ನು ಗಣಿತಜ್ಞರು ನಿಶ್ಚಯಿಸಿಕೊಂಡಿದ್ದಾರೆ: ಅದರ ಮೊತ್ತಗಳು ಯಾವ ಸಂಖ್ಯೆಗೆ ಹೀಗೆ ಹತ್ತಿರವಾಗುತ್ತವೆಯೋ ಆ ಸಂಖ್ಯೆ. ಕೂಡಿಸಿ ಕೂಡಿಸಿ ಒಂದು ದಿನ 1 ತಲುಪಿದೆವು ಎಂದು ಯಾರೂ ಹೇಳುತ್ತಿಲ್ಲ. ‘ಕೊನೆಗೆ ಒಂದಾಗಿಬಿಡುತ್ತದೆ’ ಎಂದು ಶಿಕ್ಷಕರು ಹೇಳಿದರೆ ಪವಿತ್ರಳಂಥವರು ನಂಬುವುದಿಲ್ಲ, ನಂಬಲೂ ಬಾರದು. ‘ಸುಮಾರು ಒಂದು’ ಎನ್ನುವುದೂ ತಪ್ಪು. 0.999 ಸುಮಾರು ಒಂದು, 0.999… ಸರಿಯಾಗಿ ಒಂದು. ಮಗುವಿಗೆ ಅರ್ಥವಾಗಿದೆಯೇ ಎಂದು ತಿಳಿಯಲು ಈ ಎರಡನ್ನೂ ಅಕ್ಕಪಕ್ಕ ಬರೆದು ವ್ಯತ್ಯಾಸ ಕೇಳಿ. ಮೊದಲನೆಯದಕ್ಕೆ ಉಳಿಕೆ ಸಾವಿರದಲ್ಲಿ ಒಂದು ಎಂದು ಹೇಳಿ, ಎರಡನೆಯದಕ್ಕೆ ಯಾವ ಉಳಿಕೆಯನ್ನೂ ಹೆಸರಿಸಲಾಗದು ಎಂದರೆ ಸಾಕು.

ಗಂಟೆ ಹೊಡೆಯುವ ಮುನ್ನ ಪವಿತ್ರ ಇನ್ನೊಂದು ಕೇಳಿದಳು. “ಮಿಸ್, ಹಂಗಾದ್ರೆ ಎಲ್ಲಾ ಸಂಖ್ಯೆಗೂ ಎರಡೆರಡು ಥರ ಬರೆಯೋಕಾಗುತ್ತಾ?” ಪ್ರಶಿಕ್ಷಣಾರ್ಥಿ ಅದನ್ನು ಮನೆಗೆಲಸವಾಗಿ ಕೊಟ್ಟರು. 0.25 ಅನ್ನು 0.24999… ಎಂದೂ ಬರೆಯಬಹುದು, 0.24ರ ನಂತರ ಬರುವ 9/1000 + 9/10000 + … ಎಂಬ ಶ್ರೇಢಿಯ ಮೊತ್ತ 1/100. ಅಂತ್ಯಗೊಳ್ಳುವ ದಶಮಾಂಶಗಳಿಗೆಲ್ಲ, ಸೊನ್ನೆಯೊಂದನ್ನು ಬಿಟ್ಟು, ಹೀಗೆ ಎರಡು ರೂಪಗಳಿವೆ. 1/3ಕ್ಕೆ ಮಾತ್ರ 0.333… ಒಂದೇ.